ರಾತ್ರಿ ಬಸ್ಸೂ ಬಾತ ಕಣ್ಣೂ

ಪುಣೆಯಲ್ಲಿ ನೆಲೆಸಿದ ನಮಗೆ ಊರೆಂದರೆ ಒಂದು ರಾತ್ರಿಯ ಪ್ರಯಾಣ. ಧಾರವಾಡದಲ್ಲೋ ಬೆಳಗಾವಿಯಲ್ಲೋ ಊಟ ಮುಗಿಸಿ ಬಸ್ಸು ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಕಾತ್ರಜ್ ಘಾಟ್ ಇಳಿದು ಸ್ವಾರಗೇಟ್ ತಲುಪುತ್ತೇವೆ. ಜತೆಗೆ ಗಂಟು ಮೂಟೆ, ಉಪ್ಪಿನಕಾಯಿ ಭರಣಿ, ಮತ್ತು ಕನ್ನಡಿ ನೋಡಿಕೊಂಡಾಗ ಗುರುತೇ ಸಿಗದಂತೆ ಬಾತುಕೊಂಡ ಒಂದು ಜೊತೆ ಕಣ್ಣು. "ಯಾಕವಾ, ರಾತ್ರಿಯೆಲ್ಲಾ ಅತಗೋಂತ ಬಂದೀಯೇನ?" ಎಂದು ಬಾಗಿಲು ತೆರೆದವರು ಕೇಳುವುದು ವಾಡಿಕೆ. ಕೋಥರೂಡಿನಲ್ಲಿ ಇಪ್ಪತ್ತು ವರ್ಷ ಮದುಮಕ್ಕಳ ಅಲಂಕಾರ ಮಾಡಿಕೊಂಡು ಬಂದ ನನಗೆ ಇಂಥ ಕಣ್ಣುಗಳ ಪರಿಚಯ ಚೆನ್ನಾಗಿಯೇ ಇದೆ. ಮದುವೆಗೆ ಬರುವ ಬೀಗರೂ ಮದುಮಗಳ ಅಕ್ಕತಂಗಿಯರೂ ಹೆಚ್ಚಾಗಿ ರಾತ್ರಿ ಬಸ್ಸಿನಲ್ಲೇ ಬರುವವರು!

ಮೊದಲು ಈ ಬಾವು ಯಾಕೆ ಬರುತ್ತದೆಂದು ತಿಳಿದರೆ ಅರ್ಧ ಕೆಲಸವಾದಂತೆ. ನಮ್ಮ ಮೈಯಲ್ಲೆಲ್ಲ ಅತಿ ತೆಳುವಾದ ಚರ್ಮ ಕಣ್ಣಿನ ರೆಪ್ಪೆಯದು. ಅದರ ಕೆಳಗೆ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಸಡಿಲವಾದ ಎಳೆಗಳ ಜಾಳು ಮಾತ್ರ ಇದೆ. ಸ್ಪಂಜಿನ ಹಾಗೆ ಅದು ನೀರನ್ನು ಬೇಗ ಹಿಡಿದುಕೊಳ್ಳುತ್ತದೆ. ಹಗಲು ನಾವು ನೆಟ್ಟಗಿರುವುದರಿಂದ ನೀರು ಕೆಳಕ್ಕೆ ಇಳಿಯುತ್ತದೆ. ರೆಪ್ಪೆ ಮಿಟುಕಿಸಿದಂತೆಲ್ಲ ಒಂದು ಸಣ್ಣ ಪಂಪು ಅದನ್ನು ಹೊರಗೆ ನೂಕುತ್ತಲೂ ಇರುತ್ತದೆ. ಮಲಗಿದಾಗ ಈ ಎರಡೂ ನಿಲ್ಲುತ್ತವೆ. ದಿನವಿಡೀ ಓಡಾಡಿ ಕಾಲಿನಲ್ಲಿ ಇಳಿದಿದ್ದ ನೀರು ಸ್ಲೀಪರ್ ಬಸ್ಸಿನಲ್ಲಿ ಚಪ್ಪಟೆಯಾಗಿ ಮಲಗಿದೊಡನೆ ಮುಖದ ಕಡೆಗೆ ಹರಿಯುತ್ತದೆ. ಅದಕ್ಕೆ ಸರಿಯಾಗಿ ರಾತ್ರಿ ಡಬ್ಬಿಯಲ್ಲಿ ಚೂಡಾ, ಚಟ್ನಿಪುಡಿ, ಉಪ್ಪಿನಕಾಯಿ. ಉಪ್ಪು ನೀರನ್ನು ಮೈಯಲ್ಲಿ ಕಟ್ಟಿಹಾಕುತ್ತದೆ. ನಿದ್ದೆಗೆಟ್ಟರೆ ಕಣ್ಣಿನ ಸುತ್ತಲಿನ ರಕ್ತನಾಳ ಹಿಗ್ಗಿ ಕೆಂಪೂ ಸೇರಿಕೊಳ್ಳುತ್ತದೆ. ಉರಿಯುವ ಕಣ್ಣನ್ನು ನಾವು ಮುಷ್ಟಿಯಿಂದ ತಿಕ್ಕಿ ಇನ್ನಷ್ಟು ಕೆಡಿಸುತ್ತೇವೆ.

ಈಗ ಒಂದು ಪ್ರಸಂಗ ಹೇಳುತ್ತೇನೆ. ನನ್ನ ಅಕ್ಕನ ಮಗಳು ಧಾರವಾಡದಿಂದ ಬೆಳಿಗ್ಗೆ ಆರಕ್ಕೆ ಬಂದಿಳಿದಳು. ಹನ್ನೊಂದು ಗಂಟೆಗೆ ಗಂಡಿನ ಕಡೆಯವರು ನಮ್ಮ ಮನೆಗೆ ಬರುವವರಿದ್ದರು. ಹುಡುಗಿಯ ಮೇಲಿನ ರೆಪ್ಪೆಗಳು ಉಬ್ಬಿ ಮಡಿಕೆಯೇ ಕಾಣದಂತಾಗಿತ್ತು. "ಮೌಶಿ, ಹಿಂಗ ಹೆಂಗ ಕೂಡ್ಲಿ ಅವರ ಮುಂದ? ಒಂದ ತಾಸ ಮಲಕೊಂಡ ಏಳತೀನಿ" ಎಂದಳು. ಚಪ್ಪಟೆಯಾಗಿ ಮಲಗಿದರೆ ಇಳಿಯಬೇಕಾದ ನೀರು ಮತ್ತೆ ಅಲ್ಲಿಗೇ ಬರುತ್ತದೆ. ನಿದ್ದೆಯೂ ಅವಳಿಗೆ ಬೇಕಾಗಿತ್ತು. ಅದಕ್ಕೆ ಮಂಚದ ತಲೆದೆಸೆಗೆ ಮೂರು ದಿಂಬು ಇಟ್ಟು, ಬೆನ್ನಿನಿಂದಲೇ ಏರುವಂತೆ ಅರ್ಧ ಕೂತ ಹಾಗೆ ಒರಗಿಸಿದೆ. ಕತ್ತಿನ ಕೆಳಗೆ ಮಾತ್ರ ದಿಂಬು ತುರುಕಿದರೆ ಗದ್ದ ಎದೆಗೆ ಒತ್ತಿ ಕತ್ತು ಹಿಡಿಯುತ್ತದೆ. ಏರು ಸೊಂಟದಿಂದಲೇ ಶುರುವಾಗಬೇಕು.

ಒರಗುವ ಮೊದಲು ತಣ್ಣೀರಿನಲ್ಲಿ ಮುಖ ತೊಳೆಸಿ ಹಿಂದಿನ ದಿನದ ಕಾಡಿಗೆಯನ್ನು ಪೂರ್ತಿ ತೆಗೆಸಿದೆ. ಆಮೇಲೆ ಒಂದು ಬೋಗುಣಿಯಲ್ಲಿ ತಣ್ಣೀರು ಹಾಕಿ ನಾಲ್ಕೈದು ಬರ್ಫದ ತುಂಡು ಬಿಟ್ಟೆ. ಹಳೆಯ ಮೆತ್ತನೆಯ ಧೋತರದ ತುಂಡನ್ನು ಅದರಲ್ಲಿ ಅದ್ದಿ, ಹಿಂಡಿ, ನಾಲ್ಕು ಮಡಿಕೆ ಮಾಡಿ ಮುಚ್ಚಿದ ಕಣ್ಣುಗಳ ಮೇಲೆ ಹಗುರವಾಗಿ ಇಟ್ಟೆ. ಐದು ನಿಮಿಷದಲ್ಲಿ ಬಟ್ಟೆ ಬಿಸಿಯಾಗುತ್ತದೆ, ಮತ್ತೆ ಅದ್ದಬೇಕು. ಹೀಗೆ ಮೂರು ಸಲ, ಒಟ್ಟು 15 ನಿಮಿಷ ಸಾಕು. ತಂಪಿಗೆ ಹಿಗ್ಗಿದ ರಕ್ತನಾಳ ಕುಗ್ಗುತ್ತದೆ, ಹೊಸ ನೀರು ಜಿನುಗುವುದು ಕಡಿಮೆಯಾಗುತ್ತದೆ. ಬರ್ಫವನ್ನೇ ನೇರವಾಗಿ ರೆಪ್ಪೆಗೆ ಒತ್ತುವವರಿದ್ದಾರೆ. ಆ ತೆಳು ಚರ್ಮ ಬರ್ಫಕ್ಕೂ ಸುಡುತ್ತದೆ. ಚುರುಗುಟ್ಟಿದರೆ, ಜುಮ್ಮೆಂದು ಮರಗಟ್ಟಿದರೆ, ಚರ್ಮ ಬಿಳಿಚಿಕೊಂಡರೆ ತಕ್ಷಣ ತೆಗೆದುಬಿಡಬೇಕು.

ಚಹದ ಚೀಲ, ಸೌತೇಕಾಯಿ ಬಿಲ್ಲೆ, ಆಲೂಗಡ್ಡೆ ಎಂದು ಪಟ್ಟಿ ಹೇಳುವವರಿಗೇನೂ ಕಡಿಮೆ ಇಲ್ಲ. ಇವುಗಳಲ್ಲಿ ಹೆಚ್ಚಿನ ಗುಣ ತಂಪಿನದೇ. ಚಹದಲ್ಲಿರುವ ಕೆಫೀನಿಗೆ ರಕ್ತನಾಳವನ್ನು ಕುಗ್ಗಿಸುವ ಶಕ್ತಿ ಸ್ವಲ್ಪ ಇದೆ, ನಿಜ. ಬೇಕೆಂದರೆ ಎರಡು ಚೀಲಗಳನ್ನು ಬಿಸಿನೀರಿನಲ್ಲಿ ನೆನೆಸಿ, ಫ್ರಿಜ್ಜಿನಲ್ಲಿ ಪೂರ್ತಿ ತಣ್ಣಗೆ ಮಾಡಿ, ಚೆನ್ನಾಗಿ ಹಿಂಡಿ ಇಟ್ಟುಕೊಳ್ಳಬಹುದು. ಅದು ಬರೀ ಚಹ ಆಗಿರಬೇಕು. ಶುಂಠಿ, ಏಲಕ್ಕಿ ಬೆರೆತ ಮಸಾಲೆ ಚಹ ಕಣ್ಣಿಗೆ ಇಳಿದರೆ ಬಾವಿನ ಮೇಲೆ ಉರಿಯೂ ಸೇರುತ್ತದೆ. ಹಿಂಡದೆ ಇಟ್ಟರೆ ಕೆನ್ನೆಯ ಮೇಲೆ ಕಂದು ಗೆರೆ ಇಳಿಯುತ್ತದೆ. ಹೆಣ್ಣು ನೋಡಲು ಬರುವ ದಿನ ಅದು ಬೇಡ.

ತಂಪಿನ ನಂತರ ಉಂಗುರದ ಬೆರಳಿನಿಂದ ಹುಬ್ಬಿನ ಕೆಳಗಿನ ಎಲುಬಿನ ಮೇಲೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಮೆಲ್ಲಗೆ ಸವರಿ, ಹಾಗೇ ಕಿವಿಯ ಮುಂದಿನಿಂದ ಕೆಳಕ್ಕೆ ಇಳಿಸಬೇಕು. ಬೆಕ್ಕಿನ ಮರಿಯ ತಲೆ ಸವರುವಷ್ಟು ಹಗುರ, ಹತ್ತು ಸಲ. ಕಣ್ಣುಗುಡ್ಡೆಯ ಮೇಲೆ ಬೆರಳು ಒತ್ತಬಾರದು. ಚರ್ಮ ಸುಕ್ಕಾಗಿ ಎಳೆದರೆ ಕೈ ಭಾರವಾಯಿತೆಂದು ತಿಳಿಯಬೇಕು. ಹುಡುಗಿ ನಲವತ್ತು ನಿಮಿಷ ಒರಗಿ ನಿದ್ದೆ ಮಾಡಿದಳು. ಎದ್ದ ಮೇಲೆ ಉಪ್ಪಿನಕಾಯಿ ಇಲ್ಲದೆ ಅವಲಕ್ಕಿ ತಿಂದು, ಎರಡು ಲೋಟ ನೀರು ಕುಡಿದು, ಮನೆಯಲ್ಲಿ ಓಡಾಡಿಕೊಂಡಿದ್ದಳು. ಎಂಟೂವರೆಗೆ ಅರ್ಧ ಇಳಿದಿತ್ತು. ಹತ್ತು ಗಂಟೆಗೆ ಮೇಲಿನ ರೆಪ್ಪೆಯ ಮಡಿಕೆ ತಿರುಗಿ ಕಂಡಿತು. ಹಾಗಿದ್ದರೂ ತುಸು ದಪ್ಪ ಉಳಿದೇ ಇತ್ತು.

ಅಷ್ಟರಲ್ಲಿ ನಮ್ಮ ಬಿಲ್ಡಿಂಗಿನ ಒಬ್ಬ ಬಾಯಿ ಬಂದರು. ಉಪಕಾರ ಮಾಡುವ ಮನಸ್ಸಿನವರೇ. ಕೈಯಲ್ಲಿ ರೆಪ್ಪೆಗೆ ಅಂಟಿಸುವ ಸಣ್ಣ ಪಾರದರ್ಶಕ ಪಟ್ಟಿ ತಂದಿದ್ದರು. ಅದನ್ನು ಅಂಟಿಸಿದರೆ ರೆಪ್ಪೆ ಮೇಲೆ ಮಡಿಚಿ ಕಣ್ಣು ದೊಡ್ಡದಾಗಿ ಕಾಣುತ್ತದೆ; ಮೇಲೆ ಬಾಲದ ಹಾಗೆ ಕಾಡಿಗೆ ಎಳೆದರೆ ನಟಿಯ ಕಣ್ಣಾಗುತ್ತದೆ ಎಂದರು. ಹುಡುಗಿ ನನ್ನ ಮುಖ ನೋಡಿದಳು. ಉಳಿದಿದ್ದ ಆ ದಪ್ಪ ಬಾವಲ್ಲ, ಅವಳ ಕಣ್ಣಿನ ಆಕಾರ ಎಂದು ನನಗೆ ಗೊತ್ತಿತ್ತು. ನಮ್ಮ ಅವ್ವನ ಮದುವೆಯ ಫೋಟೋದಲ್ಲಿ ಅದೇ ತುಂಬಿದ ರೆಪ್ಪೆಗಳಿವೆ. ನನ್ನ ಅಕ್ಕನಿಗೂ ಇವೆ. ಬೆಳಿಗ್ಗೆ ಇದ್ದು ಸಂಜೆಗೆ ಹೋಗುವುದು ನೀರು. ಬೆಳಿಗ್ಗೆಯೂ ಸಂಜೆಯೂ ಒಂದೇ ಥರ ಇರುವುದು ಆಕಾರ. ಚೆನ್ನಾಗಿ ನಿದ್ದೆ ಮಾಡಿದ ದಿನದ ಸಂಜೆಯ ಫೋಟೋ ಒಂದನ್ನು ಪಕ್ಕಕ್ಕಿಟ್ಟು ಕನ್ನಡಿ ನೋಡಿದರೆ ಎಲ್ಲಿ ನಿಲ್ಲಿಸಬೇಕೆಂದು ಯಾರಿಗೂ ತಿಳಿಯುತ್ತದೆ. "ಬಾವಷ್ಟ ಇಳಿಸೂಣು, ಕಣ್ಣು ನಿಂದs ಇರ್ಲಿ. ನಾಳೆ ಅವರ ಮನಿಯೊಳಗ ಬೆಳಗಾಗೆದ್ದು ಬ್ಯಾರೆ ಕಣ್ಣ ತೋರಸಾಕಾಗತದೇನ?" ಎಂದೆ. ಇದಲ್ಲದೆ, ಬಾತ ರೆಪ್ಪೆಗೆ ಅಂಟು ಹಚ್ಚಿ ಎಳೆದು ಬಿಚ್ಚಿದರೆ ಚರ್ಮ ಕೆಂಪಾಗುತ್ತದೆ, ಸಂಜೆಗೆ ಇನ್ನೊಂದು ಬಾವು ಬರುತ್ತದೆ.

ಅಲಂಕಾರದಲ್ಲಿ ಒಂದು ನಿಯಮ ನೆನಪಿಡಿ: ಉಬ್ಬಿದ ಜಾಗ ಬೆಳಕನ್ನು ಹಿಡಿಯುತ್ತದೆ, ತಗ್ಗು ನೆರಳಾಗುತ್ತದೆ. ಆದ್ದರಿಂದ ಮಿರುಗುವ ಪುಡಿಯನ್ನು ಬಾತ ರೆಪ್ಪೆಗೆ ಹಚ್ಚಿದರೆ ಅದು ಇನ್ನೂ ದಪ್ಪ ಕಾಣುತ್ತದೆ. ಮೈಬಣ್ಣಕ್ಕಿಂತ ಒಂದು ಛಾಯೆ ಮಾತ್ರ ಗಾಢವಾದ, ಹೊಳಪಿಲ್ಲದ ಪುಡಿಯನ್ನು ಉಬ್ಬಿನ ಮೇಲಷ್ಟೇ ತೆಳುವಾಗಿ ಸವರಬೇಕು. ಸ್ವಂತ ಮಡಿಕೆಯನ್ನು ದಾಟಿ ಮೇಲೆ ಹೋಗಬಾರದು. ಕಣ್ಣಿನ ಕೆಳಗೆ ಚೀಲದಂತಿದ್ದರೆ ತಿಳಿ ಬಣ್ಣವನ್ನು ಚೀಲದ ಮೇಲೆ ಬಳಿಯುವುದು ಎಲ್ಲರ ಅಭ್ಯಾಸ. ಅದರಿಂದ ಚೀಲ ಎದ್ದು ಕಾಣುತ್ತದೆ. ಬಣ್ಣ ಹೋಗಬೇಕಾದ್ದು ಚೀಲದ ಅಂಚಿನ ಕೆಳಗಿರುವ ನೆರಳಿನ ಗೆರೆಗೆ ಮಾತ್ರ. ಕಾಡಿಗೆ ಮೇಲಿನ ಕೂದಲ ಬುಡದಲ್ಲಿ ತೆಳುವಾಗಿರಲಿ, ಕಣ್ಣು ಎಲ್ಲಿ ಮುಗಿಯುತ್ತದೋ ಅಲ್ಲಿಯೇ ಮುಗಿಯಲಿ. ಕೆಳಗಿನ ರೆಪ್ಪೆಗೆ ದಪ್ಪ ಕಾಡಿಗೆ ಅಂದು ಬೇಡ. ನೋಡುವವರ ದೃಷ್ಟಿಯನ್ನು ಅದು ನೇರ ಬಾವಿನ ಮೇಲೆ ಇಳಿಸುತ್ತದೆ. ಹನ್ನೊಂದಕ್ಕೆ ಬಂದವರ ಮುಂದೆ ಹುಡುಗಿ ತನ್ನ ಅಜ್ಜಿಯ ಕಣ್ಣುಗಳನ್ನೇ ಇಟ್ಟುಕೊಂಡು ಕೂತಳು.

ಇಷ್ಟು ಹೇಳಿದ ಮೇಲೆ, ಯಾವ ಬಾವಿಗೆ ತಣ್ಣೀರ ಬಟ್ಟೆ ಸಾಲದು ಎಂಬುದನ್ನೂ ಹೇಳಬೇಕು. ಪ್ರಯಾಣದ ಬಾವು ಎರಡೂ ಕಣ್ಣಿಗೆ ಬರುತ್ತದೆ, ಮೆತ್ತಗಿರುತ್ತದೆ, ನೋಯುವುದಿಲ್ಲ, ಎದ್ದು ಓಡಾಡಿದ ಕೆಲವು ತಾಸಿನಲ್ಲಿ ಇಳಿಯುತ್ತದೆ. ತುರಿಕೆಯೂ ನೀರು ಸುರಿಯುವುದೂ ಇದ್ದರೆ ಅದು ಬಹುಶಃ ಅಲರ್ಜಿ. ಹೊಸ ಕಾಡಿಗೆಯೋ ಹೊಸ ಎಣ್ಣೆಯೋ ಕಾರಣವಿರಬಹುದು. ಒಂದೇ ಕಣ್ಣು ಬಾತು, ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ, ಜ್ವರ ಬಂದರೆ, ದೃಷ್ಟಿ ಮಸುಕಾದರೆ ಅಂದೇ ಕಣ್ಣಿನ ಡಾಕ್ಟರರ ಹತ್ತಿರ ಹೋಗಬೇಕು. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಯಾವ ಪ್ರಯಾಣವೂ ಇಲ್ಲದೆ ಮಗುವಿನ ರೆಪ್ಪೆ ದಿನವೂ ಬೆಳಿಗ್ಗೆ ಬಾತಿದ್ದು, ಸಂಜೆಗೆ ಪಾದದ ಮೇಲೆ ಬೆರಳು ಒತ್ತಿದರೆ ಕುಳಿ ಬೀಳುತ್ತಿದ್ದರೆ, ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ ಅದು ಮೂತ್ರಪಿಂಡದ ತೊಂದರೆ ಇರಬಹುದು. ಒಂದು ಸಾಮಾನ್ಯ ಮೂತ್ರಪರೀಕ್ಷೆಯಿಂದ ಅದರ ಸುಳಿವು ಸಿಗುತ್ತದೆ. "ನಿದ್ದಿ ಹೆಚ್ಚಾಗೇದ" ಎಂದು ತಿಂಗಳುಗಟ್ಟಲೆ ತಳ್ಳಬಾರದು. ದೊಡ್ಡವರಲ್ಲಿ ದಿನನಿತ್ಯದ ಬಾವಿನ ಜತೆ ದಣಿವು, ಚಳಿ ತಡೆಯದಿರುವುದು, ತೂಕ ಏರುವುದು ಸೇರಿದರೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮುಂದಿನ ಸಲ ಊರಿನಿಂದ ಹೊರಡುವಾಗ ಬಾವು ಬಾರದಂತೆಯೇ ನೋಡಿಕೊಳ್ಳಬಹುದು. ರಾತ್ರಿಯ ಡಬ್ಬಿಗೆ ಉಪ್ಪು ಕಡಿಮೆಯ ಚಪಾತಿ ಪಲ್ಯ ಇರಲಿ, ಚೂಡಾ ಪುಣೆಗೆ ಬಂದ ಮೇಲೆ ತಿನ್ನೋಣ. ಎ.ಸಿ.ಯ ಗಾಳಿ ನೇರ ಕಣ್ಣಿಗೆ ಬೀಳದಂತೆ ಅದರ ಬಾಯನ್ನು ಆಚೆ ತಿರುಗಿಸಿ. ಲೆನ್ಸ್ ಹಾಕುವವರು ಬಸ್ಸು ಹತ್ತುವ ಮೊದಲೇ ತೆಗೆದು ಕನ್ನಡಕ ಹಾಕಿಕೊಳ್ಳಿ. ಸ್ಲೀಪರಿನಲ್ಲಿ ಕೊಡುವ ತೆಳು ದಿಂಬಿನ ಕೆಳಗೆ ನಿಮ್ಮ ಶಾಲನ್ನೂ ಬಟ್ಟೆಯ ಚೀಲವನ್ನೂ ಸೇರಿಸಿ ಬೆನ್ನಿನಿಂದ ಏರು ಮಾಡಿಕೊಳ್ಳಿ. ಸಾತಾರಾ ದಾಟಿದ ಮೇಲೆ ಎಚ್ಚರವಾದರೆ ಮತ್ತೆ ಮುಸುಕು ಎಳೆಯದೆ ಎದ್ದು ಕೂಡಿರಿ. ಸ್ವಾರಗೇಟ್ ಬರುವಷ್ಟರಲ್ಲಿ ನೀರು ಸಾಕಷ್ಟು ಇಳಿದಿರುತ್ತದೆ.