ಕೊಟ್ಟವರು ಯಾರು, ಪಡೆದವರು ಯಾರು?

ಜಪಾನಿ ಭಾಷೆಯ ಮೊದಲ ತರಗತಿಗೆ ಸೇರಿದವರ ಕೈಗೆ ಕೆಲವು ತಿಂಗಳೊಳಗೆ ಒಂದು ಹಾಳೆ ಬರುತ್ತದೆ. ಮೇಲುಗಡೆ ‘ಬಿಟ್ಟ ಸ್ಥಳಗಳನ್ನು ತುಂಬಿರಿ’ ಎಂಬ ಸೂಚನೆ. ಕೆಳಗೆ ಹತ್ತು ಹನ್ನೆರಡು ಪುಟ್ಟ ವಾಕ್ಯಗಳು. ಪುಸ್ತಕ, ಹೂವು, ಗಡಿಯಾರಗಳು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗುತ್ತಿರುತ್ತವೆ. ಕನ್ನಡದಂತೆಯೇ ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಖಾಲಿ ಜಾಗವೂ ಅಲ್ಲೇ ಇರುತ್ತದೆ. ಆರಿಸಿಕೊಳ್ಳಲು ಇರುವುದು ಮೂರೇ ಮಾತು: ಅಗೆರು, ಕುರೆರು, ಮೊರಾವು. ನಿಘಂಟು ತೆರೆದರೆ ಮೊದಲಿನೆರಡಕ್ಕೂ ‘ಕೊಡು’ ಎಂದೇ ಅರ್ಥ, ಮೂರನೆಯದಕ್ಕೆ ‘ಪಡೆ’. ಇಷ್ಟು ಸುಲಭವಾದುದನ್ನು ಪರೀಕ್ಷೆಗೇಕೆ ಇಟ್ಟರೋ ಎಂದು ವಿದ್ಯಾರ್ಥಿ ಲೇಖನಿ ಎತ್ತುತ್ತಾನೆ; ಹಾಳೆ ಹಿಂದಿರುಗಿ ಬಂದಾಗ ಅರ್ಧಕ್ಕರ್ಧ ಕೆಂಪು ಗೀಟು.

ಎರಡು ‘ಕೊಡು’ಗಳ ನಡುವಿನ ಭೇದ ವಸ್ತುವಿನಲ್ಲಿಲ್ಲ, ಕೊಡುವ ಬಗೆಯಲ್ಲೂ ಇಲ್ಲ. ಮಾತನಾಡುವವನು ಎಲ್ಲಿ ನಿಂತಿದ್ದಾನೆ ಎಂಬುದರಲ್ಲಿದೆ. ವಸ್ತು ತನ್ನಿಂದ ಹೊರಕ್ಕೆ ಹೋದರೆ ಅಗೆರು. ಹೊರಗಿನಿಂದ ತನ್ನ ಕಡೆಗೆ ಬಂದರೆ ಕುರೆರು. ಎರಡರಲ್ಲೂ ಕರ್ತೃಪದ ಕೊಟ್ಟವನೇ. ಮೊರಾವುವಿನಲ್ಲಿ ಮಾತ್ರ ಕರ್ತೃಪದ ಪಡೆದವನು. ‘ಗೆಳೆಯ ನನಗೆ ಪುಸ್ತಕ ಕೊಟ್ಟನು’, ‘ನಾನು ಗೆಳೆಯನಿಗೆ ಪುಸ್ತಕ ಕೊಟ್ಟೆನು’ ಎಂಬ ಎರಡು ವಾಕ್ಯಗಳಿಗೂ ಕನ್ನಡಿಗನಿಗೆ ಒಂದೇ ಧಾತು ಸಾಕು. ಜಪಾನಿನವನಿಗೆ ಇವು ಬೇರೆ ಬೇರೆ ಕ್ರಿಯೆಗಳು. ‘ಹೋಗು’, ‘ಬಾ’ ಎಂಬವು ಎಷ್ಟು ಬೇರೆಯೋ ಅಷ್ಟು ಬೇರೆ.

ಹಾಳೆಯ ಒಂದು ವಾಕ್ಯವನ್ನು ಎತ್ತಿಕೊಳ್ಳಬಹುದು. ‘ತೊಮೊದಾಚಿ ಗ ವತಾಶಿ ನಿ ಹೊನ್ ಒ (   )’. ತೊಮೊದಾಚಿ ಎಂದರೆ ಗೆಳೆಯ, ವತಾಶಿ ಎಂದರೆ ನಾನು, ಹೊನ್ ಎಂದರೆ ಪುಸ್ತಕ. ನಡುನಡುವೆ ಬರುವ ಗ, ನಿ, ಒ ಎಂಬ ತುಣುಕುಗಳು ಕನ್ನಡದ ವಿಭಕ್ತಿ ಪ್ರತ್ಯಯಗಳಂತೆ ಕೆಲಸಮಾಡುತ್ತವೆ: ‘ಗ’ ಬಂದವನು ಕರ್ತೃ, ‘ನಿ’ ಹೆಚ್ಚುಕಡಿಮೆ ‘ಗೆ’, ‘ಒ’ ಎಂದರೆ ‘ಅನ್ನು’. ಗೆಳೆಯ ಕರ್ತೃ, ಪುಸ್ತಕ ನನ್ನ ಕಡೆಗೆ ಬಂದಿದೆ. ಆದುದರಿಂದ ‘ಕುರೆಮಶಿತ’, ಅಂದರೆ ಕುರೆರುವಿನ ಭೂತಕಾಲದ ವಿನಯರೂಪ, ಇಲ್ಲಿ ಸಲ್ಲುತ್ತದೆ. ಬೇರೆ ಯಾವುದೂ ಸಲ್ಲದು. ಅಷ್ಟೇ ಅಲ್ಲ, ‘ವತಾಶಿ ನಿ’ ಎಂಬುದನ್ನು ಅಳಿಸಿಬಿಟ್ಟರೂ ಅರ್ಥ ಕೆಡುವುದಿಲ್ಲ. ‘ನನಗೆ’ ಎಂಬುದು ಕುರೆರುವಿನ ಒಡಲಲ್ಲೇ ಅಡಗಿದೆ. ಜಪಾನಿಗರು ಮಾತಿನಲ್ಲಿ ಅದನ್ನು ಬಿಡುವುದೇ ಹೆಚ್ಚು.

ಇನ್ನು ತುಂಟ ವಾಕ್ಯ: ‘ವತಾಶಿ ವ ತೊಮೊದಾಚಿ ನಿ ಹೊನ್ ಒ (   )’. ‘ವ’ ಎಂಬುದು ಯಾರ ವಿಷಯವಾಗಿ ಮಾತು ನಡೆದಿದೆ ಎಂಬುದರ ಗುರುತು. ಇಲ್ಲಿ ಅದು ‘ನಾನು’. ‘ನಿ’ ಎಂದರೆ ‘ಗೆ’ ಎಂದು ಕಲಿತ ವಿದ್ಯಾರ್ಥಿ ಕಣ್ಣುಮುಚ್ಚಿ ‘ಅಗೆಮಶಿತ’ ಎಂದು ಬರೆಯುತ್ತಾನೆ: ನಾನು ಗೆಳೆಯನಿಗೆ ಪುಸ್ತಕ ಕೊಟ್ಟೆನು. ಸರಿಯೇ. ಪಕ್ಕದಲ್ಲಿ ಕುಳಿತವಳು ‘ಮೊರಾಯಿಮಶಿತ’ ಎಂದು ಬರೆದಿರುತ್ತಾಳೆ: ನಾನು ಗೆಳೆಯನಿಂದ ಪುಸ್ತಕ ಪಡೆದೆನು. ಅದೂ ಸರಿಯೇ! ಏಕೆಂದರೆ ಮೊರಾವು ಬಂದಾಗ ಕೊಟ್ಟವನ ಹೆಸರಿಗೂ ಇದೇ ‘ನಿ’ ಹತ್ತುತ್ತದೆ. ಒಂದೇ ತುಣುಕು ಒಂದು ಕಡೆ ‘ಗೆ’, ಮತ್ತೊಂದು ಕಡೆ ‘ಇಂದ’. ವಾಕ್ಯದ ಕೊನೆಯ ಪದ ಕಿವಿಗೆ ಬೀಳುವವರೆಗೆ ಪುಸ್ತಕ ಯಾವ ದಿಕ್ಕಿಗೆ ಹೋಯಿತೆಂದು ಜಪಾನಿಗನಿಗೂ ತಿಳಿಯದು. ಈ ಮಾದರಿಯ ವಾಕ್ಯವನ್ನು ಒಂಟಿಯಾಗಿ ಕೊಟ್ಟು ಒಂದೇ ಉತ್ತರ ಬಯಸುವವರು ವಿದ್ಯಾರ್ಥಿಯ ಭಾಷೆಯನ್ನಲ್ಲ, ಅವನ ಅದೃಷ್ಟವನ್ನು ಪರೀಕ್ಷಿಸುತ್ತಾರೆ. ನಿಶ್ಚಿತವಾಗಿ ಹೇಳಬಹುದಾದುದು ಒಂದೇ: ‘ನಾನು’ ಕರ್ತೃವಾಗಿರುವುದರಿಂದ ಕುರೆಮಶಿತ ಇಲ್ಲಿ ಬಾರದು.

ಬಲ್ಲ ಉಪಾಧ್ಯಾಯರು ಇದಕ್ಕೆ ಎರಡು ದಾರಿ ಹಿಡಿಯುತ್ತಾರೆ. ‘ನಿ’ಯ ಬದಲು ‘ಕರ’ ಎಂದು ಬರೆಯುವುದು ಒಂದು. ‘ಕರ’ ಎಂದರೆ ಅಚ್ಚ ‘ಇಂದ’ವೇ, ಅದು ಕಂಡೊಡನೆ ಮೊರಾವು ಎಂದು ಗೊತ್ತಾಗುತ್ತದೆ. ಕೊಟ್ಟದ್ದು ಮನುಷ್ಯನಲ್ಲದೆ ಕಂಪೆನಿಯೋ ಶಾಲೆಯೋ ಆಗಿದ್ದರೆ ‘ಕರ’ವನ್ನೇ ಹಾಕಬೇಕು. ಎರಡನೆಯ ದಾರಿ ಇನ್ನೂ ಒಳ್ಳೆಯದು: ಹಿಂದೆ ಒಂದು ವಾಕ್ಯ ಸೇರಿಸುವುದು. ‘ನಿನ್ನೆ ನನ್ನ ಹುಟ್ಟುಹಬ್ಬ’ ಎಂದು ಮೊದಲು ಹೇಳಿದರೆ ಪುಸ್ತಕ ಯಾರ ಕೈಗೆ ಬಂತೆಂದು ಮಗುವಿಗೂ ತಿಳಿಯುತ್ತದೆ.

ತೊಡಕಿಗೆ ಪಾಠಗಳ ಕ್ರಮವೂ ಒಂದಿಷ್ಟು ಕಾರಣ. ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿರುವ ‘ಮಿನ್ನಾ ನೊ ನಿಹೊಂಗೊ’ ಎಂಬ ಪಠ್ಯಪುಸ್ತಕದಲ್ಲಿ ಅಗೆರು, ಮೊರಾವು 7ನೆಯ ಪಾಠದಲ್ಲೇ ಬಂದುಬಿಡುತ್ತವೆ; ಕುರೆರು ಬರುವುದು 24ನೆಯ ಪಾಠದಲ್ಲಿ. ನಡುವಿನ 16 ಪಾಠಗಳ ಕಾಲ ವಿದ್ಯಾರ್ಥಿಯ ತಲೆಯಲ್ಲಿ ‘ಕೊಡು’ ಎಂದರೆ ಅಗೆರು ಎಂದೇ ಬೇರೂರುತ್ತದೆ. ಆಮೇಲೆ ‘ಅಮ್ಮ ನನಗೆ ಅಗೆಮಶಿತ’ ಎಂದು ಬರೆದರೆ ಅವನನ್ನು ದೂರಿ ಫಲವೇನು? ಮೂರನ್ನೂ ಒಟ್ಟಿಗೆ ಕಲಿಸಿದರೆ ಮೊದಲ ದಿನ ಗೊಂದಲ ಹೆಚ್ಚು, ಮುಂದೆ ಕಡಿಮೆ. ಆ ಮೊದಲ ದಿನದ ಗೊಂದಲವೇ ಲೇಸು.

ಇಂಥ ಭೇದ ದ್ರಾವಿಡ ಭಾಷೆಗಳಿಗೆ ಹೊಸದೇನೂ ಅಲ್ಲವೆಂಬುದು ಸ್ವಾರಸ್ಯದ ಸಂಗತಿ. ನೆರೆಯ ಮಲಯಾಳದಲ್ಲಿ ನನಗೋ ನಿನಗೋ ಕೊಡುವುದಾದರೆ ‘ತರುಕ’, ಮೂರನೆಯವನಿಗೆ ಕೊಡುವುದಾದರೆ ‘ಕೊಡುಕ್ಕುಕ’. ಪ್ರಾಚೀನ ತಮಿಳು ವ್ಯಾಕರಣವಾದ ತೊಲ್ಕಾಪ್ಪಿಯಂ ಕೂಡ ಈ ವಿಂಗಡಣೆಯನ್ನು ಹೇಳುತ್ತದೆ. ಕನ್ನಡದಲ್ಲಿ ‘ತರು’ ಎಂಬುದು ‘ಹೊತ್ತು ತರು’ ಎಂಬ ಅರ್ಥದಲ್ಲಿ ಉಳಿದು, ಕೊಡುವ ಕೆಲಸವೆಲ್ಲ ‘ಕೊಡು’ವಿನ ಪಾಲಿಗೆ ಬಂದಿದೆ. ಹಾಗೆಂದು ಮಲಯಾಳ ಬಲ್ಲವರು ತರುಕವನ್ನೇ ಕುರೆರು ಎಂದುಕೊಂಡರೆ ಜಾರುತ್ತಾರೆ. ‘ನಾನು ನಿನಗೆ ಕೊಡುತ್ತೇನೆ’ ಎಂಬಲ್ಲಿ ಮಲಯಾಳಿ ತರುಕ ಎನ್ನುತ್ತಾನೆ, ಜಪಾನಿ ಅಗೆರು ಎನ್ನುತ್ತಾನೆ. ಮಲಯಾಳದ ಗೆರೆಯೊಳಗೆ ನಾನೂ ನೀನೂ ಇದ್ದೇವೆ. ಜಪಾನಿನ ಗೆರೆ ‘ನಾನು’ ಮತ್ತು ‘ನನ್ನವರು’ ಎಂಬಷ್ಟಕ್ಕೇ ಸುತ್ತಿದೆ.

ಆ ‘ನನ್ನವರು’ ಯಾರು ಎಂಬುದೇ ಹಾಳೆಯ ಕೊನೆಯ ವಾಕ್ಯಗಳ ಗುಟ್ಟು. ‘ತನಾಕ ಅವರು ಯಮದಾ ಅವರಿಗೆ ಹೂ ಕೊಟ್ಟರು’ ಎಂದಾಗ ಇಬ್ಬರೂ ಹೊರಗಿನವರು, ಅಗೆಮಶಿತ ಸಾಕು. ‘ತನಾಕ ಅವರು ನನ್ನ ತಂಗಿಗೆ ಹೂ ಕೊಟ್ಟರು’ ಎಂದರೆ ಕುರೆಮಶಿತ. ತಂಗಿಗೆ ಕೊಟ್ಟದ್ದು ನನಗೆ ಕೊಟ್ಟಂತೆಯೇ. ‘ನನ್ನ’ ಎಂಬ ಪದವಿಲ್ಲದಿದ್ದರೂ ಸುಳಿವು ಸಿಗುವುದುಂಟು: ತನ್ನ ತಂಗಿಯನ್ನು ‘ಇಮೋತೊ’ ಎಂದೂ ಪರರ ತಂಗಿಯನ್ನು ಗೌರವ ಸೇರಿಸಿ ‘ಇಮೋತೊ-ಸಾನ್’ ಎಂದೂ ಹೇಳುವುದು ಅಲ್ಲಿನ ರೂಢಿ.

ಬೆಂಗಳೂರಿನ ಹಿರಿಯ ಗೃಹಿಣಿಯೊಬ್ಬರು ಈ ಪಾಠಕ್ಕೆ ಕುಳಿತುದು ಪರೀಕ್ಷೆಗಾಗಿ ಅಲ್ಲ. ಮಗ ನಾಗೊಯಾದಲ್ಲಿ ನೆಲೆಸಿ ಅಲ್ಲಿಯವಳನ್ನೇ ಮದುವೆಯಾಗಿದ್ದನು. ಮೊಮ್ಮಗಳಿಗೆ 3 ವರ್ಷ. ಆ ವಯಸ್ಸಿನ ಹೆಣ್ಣುಮಕ್ಕಳನ್ನು ನವೆಂಬರ್ 15ರ ಸುಮಾರಿಗೆ ಕಿಮೊನೊ ಉಡಿಸಿ ದೇವಸ್ಥಾನಕ್ಕೆ ಕರೆದೊಯ್ಯುವ ‘ಶಿಚಿ-ಗೊ-ಸಾನ್’ ಎಂಬ ಹಬ್ಬ ಅಲ್ಲಿದೆ. ಕಿಮೊನೊ ಕೊಡಿಸಿದವರು ಸೊಸೆಯ ತಾಯಿ. ಈಕೆ ಮನೆಪಾಠದ ಪುಸ್ತಕದಲ್ಲಿ ಅದನ್ನೇ ವಾಕ್ಯವಾಗಿಸಿ, ‘ಸೊಸೆಯ ತಾಯಿ ಮೊಮ್ಮಗಳಿಗೆ ಕಿಮೊನೊ ಅಗೆಮಶಿತ’ ಎಂದು ಬರೆದರು. ಕೊಟ್ಟವರೂ ಅಲ್ಲಿಯವರು, ಪಡೆದವಳೂ ಅಲ್ಲಿದ್ದಾಳೆ, ತಾನಿರುವುದು ಸಾವಿರಾರು ಮೈಲಿ ದೂರ. ಅಗೆರು ಅಲ್ಲದೆ ಮತ್ತೇನು ಎಂಬುದು ಅವರ ಲೆಕ್ಕ.

ಉಪಾಧ್ಯಾಯಿನಿ ಗೀಟು ಎಳೆಯಲಿಲ್ಲ. “ವ್ಯಾಕರಣ ತಪ್ಪಿಲ್ಲಮ್ಮ. ಆದರೆ ಇದನ್ನು ಓದಿದವರಿಗೆ ನೀವು ಪಕ್ಕದ ಮನೆಯವರ ಸುದ್ದಿ ಹೇಳುತ್ತಿದ್ದೀರಿ ಅನ್ನಿಸುತ್ತೆ. ಮಗು ನಿಮ್ಮದಲ್ಲವೆ?” ಎಂದರು.

“ನಮ್ಮದೇ ಅಲ್ಲದೆ ಮತ್ತೆ! ಆದರೆ ಬೀಗಿತ್ತಿಯವರಿಗೂ ಮೊಮ್ಮಗಳೇ ತಾನೆ?”

“ಅವರು ತಮ್ಮ ಮನೆಯಲ್ಲಿ ಹೇಳುವಾಗ ‘ಮೊಮ್ಮಗಳಿಗೆ ಅಗೆಮಶಿತ’ ಅನ್ನುತ್ತಾರೆ. ನೀವು ಇಲ್ಲಿ ಹೇಳುವಾಗ ‘ಕುರೆಮಶಿತ’ ಅನ್ನಿ. ಮಗು ಒಂದೇ, ಕಿಮೊನೊ ಒಂದೇ.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಗೆ’ ಎಂಬುದನ್ನು ಅಳಿಸಿ ‘ಕುರೆ’ ಎಂದು ಬರೆದರು. ಬೀಗಿತ್ತಿಯವರಿಗೇ ಕಾಗದ ಬರೆಯುವುದಾದರೆ ಕುರೆರುವೂ ಸಾಲದೆ ಅದರ ಗೌರವರೂಪ ‘ಕುದಸಾರು’ ಬೇಕಾಗುತ್ತದೆ; ಅದು ಮುಂದಿನ ಪಾಠಗಳ ಮಾತು.

ಮೊರಾವುವಿಗೆ ‘ಪಡೆ’ ಎಂಬ ಅನುವಾದ ಪುಸ್ತಕದ ವಾಸನೆಯದು. ಮನೆಮಾತಿನಲ್ಲಿ ಇದಕ್ಕೆ ಸೊಗಸಾದ ಪದವಿದೆ: ‘ಇಸಿದುಕೊ’. ‘ಪಕ್ಕದ ಮನೆಯವರಿಂದ ಒಂದು ಬಟ್ಟಲು ಸಕ್ಕರೆ ಇಸಿದುಕೊಂಡು ಬಾ’ ಎನ್ನುವಾಗ ಕೊಡುವವರು ಅವರು, ಕರ್ತೃ ನೀನು. ಕ್ರಿಯೆಗಳ ಕೊನೆಗೆ ಈ ಮೂರು ಪದಗಳು ಅಂಟಿಕೊಂಡಾಗಲೂ ಕನ್ನಡಿಗನಿಗೆ ದಾರಿ ಸಲೀಸು. ‘ಗುರುಗಳು ವಿಳಾಸ ಬರೆದುಕೊಟ್ಟರು’ ಎಂಬುದಕ್ಕೆ ಜಪಾನಿಯಲ್ಲಿ ‘ಕೈತೆ ಕುರೆಮಶಿತ’. ‘ಗುರುಗಳಿಂದ ವಿಳಾಸ ಬರೆಸಿಕೊಂಡೆ’ ಎಂಬುದಕ್ಕೆ ‘ಕೈತೆ ಮೊರಾಯಿಮಶಿತ’. ಕೈತೆ ಎಂದರೆ ‘ಬರೆದು’. ಎರಡಕ್ಕೆ ಎರಡು ಹೊಂದಿಕೊಳ್ಳುತ್ತವೆ. ಆದರೆ ಒಂದು ಎಚ್ಚರ ಬೇಕು. ಕನ್ನಡದ ‘ಬರೆಸಿಕೊಂಡೆ’ಯಲ್ಲಿ ಗದರಿಸಿ ಬರೆಸಿಕೊಂಡ ಅರ್ಥಕ್ಕೂ ಎಡೆಯುಂಟು, ಮೊರಾವುವಿನಲ್ಲಿ ಸಾಮಾನ್ಯವಾಗಿ ಇರುವುದು ಪರರ ದಯೆಯಿಂದ ತನಗೆ ಉಪಕಾರವಾಯಿತೆಂಬ ಭಾವ.

ಅಗೆರುವಿನ ಸಂಗತಿ ತಿರುವುಮುರುವು. ಆ ಪದದ ಮೂಲಾರ್ಥ ‘ಮೇಲೆತ್ತು’. ಪಡೆಯುವವನನ್ನು ಮೇಲಿಟ್ಟು ಕೊಡುವ ವಿನಯ ಅದರಲ್ಲಿದೆ. ಆದರೂ ಕ್ರಿಯೆಗೆ ಅಂಟಿಸಿ ಗುರುಗಳ ಮುಂದೆ ‘ನಿಮ್ಮ ಚೀಲ ಹೊತ್ತು ಅಗೆಮಸು’ ಎಂದರೆ, ‘ನಿನಗೆ ಉಪಕಾರ ಮಾಡುತ್ತಿದ್ದೇನೆ, ನೆನಪಿರಲಿ’ ಎಂದಂತೆ ಕೇಳಿಸುತ್ತದೆ. ಅಲ್ಲಿ ಅಗೆರುವನ್ನು ಬಿಟ್ಟು ‘ಒಮೊಚಿ ಶಿಮಸು’, ಅಂದರೆ ‘ನಾನು ಹೊರುತ್ತೇನೆ’ ಎಂದು ವಿನಯವಾಗಿ ಹೇಳಿದರೆ ಮುಗಿಯಿತು. ಕುರೆರುವನ್ನು ಬಿಟ್ಟರೆ ಮಾತ್ರ ತೊಂದರೆ. ‘ಅಮ್ಮ ನನಗೆ ಸ್ವೆಟರ್ ಕಳಿಸಿದಳು’ ಎಂದರೂ ‘ಕಳಿಸಿಕೊಟ್ಟಳು’ ಎಂದರೂ ಕನ್ನಡಕ್ಕೆ ಒಪ್ಪಿಗೆಯೇ. ಜಪಾನಿಯಲ್ಲಿ ಬರೀ ‘ಒಕುರಿಮಶಿತ’ ಎಂದು ನಿಲ್ಲಿಸಿದರೆ ಅಂಚೆ ಕಚೇರಿಯ ರಶೀದಿಯನ್ನು ಓದಿದಂತಾಗುತ್ತದೆ. ‘ಒಕುತ್ತೆ ಕುರೆಮಶಿತ’ ಎಂದಾಗಲೇ ಆ ಸ್ವೆಟರ್ ಮಗಳಿಗೆ ಬಂದು ತಲುಪುವುದು.