ಗೋಡೆಯ ಬಿರುಕು ಮತ್ತು ಎರಡು ನವೆಂಬರ್

ಬೆಂಗಳೂರಿನಲ್ಲಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವ ಆಫೀಸೊಂದರಲ್ಲಿ ನನ್ನ ಕೆಲಸ. ಹಳೇ ಅಡುಗೆಮನೆ ಎಡಕ್ಕೆ, ಹೊಸ ಅಡುಗೆಮನೆ ಬಲಕ್ಕೆ ಇಟ್ಟು ಗ್ರಾಹಕರಿಗೆ ತೋರಿಸುವ ಚಿತ್ರಗಳನ್ನು ಜೋಡಿಸೋದು ನಾನೇ. ಈ ಕೆಲಸದಲ್ಲಿ ಒಂದು ಸಣ್ಣ ಚಾಲಾಕಿ ಎಲ್ಲರಿಗೂ ಗೊತ್ತು. ಹಳೆಯದನ್ನು ಟ್ಯೂಬ್‌ಲೈಟಿನ ಮಬ್ಬಿನಲ್ಲಿ ಹತ್ತಿರದಿಂದ ತೆಗೆದು, ಹೊಸದನ್ನು ಹಗಲು ಬೆಳಕಿನಲ್ಲಿ ಮೂಲೆಯಿಂದ ತೆಗೆದರೆ ಅರ್ಧ ಕೆಲಸ ಕ್ಯಾಮೆರಾನೇ ಮಾಡಿಬಿಡುತ್ತೆ. ಯಾರೂ ಬೇಕೆಂದು ಮಾಡದೆಯೂ ಇದೇ ಚಾಲಾಕಿ ನಡೆದುಹೋಗಬಹುದು ಅಂತ ನನಗೆ ಗೊತ್ತಾಗಿದ್ದು ನಮ್ಮ ಊರಿನ ಮನೆಯ ಗೋಡೆಯಿಂದ.

ನಮ್ಮದು ನವಲಗುಂದದ ಕಡೆ. ಅವ್ವ ಅಲ್ಲೇ ಇರ್ತಾಳೆ, ಅಣ್ಣ ಹುಬ್ಬಳ್ಳಿಯಲ್ಲಿ. 2024ರ ಮಾರ್ಚ್‌ನಲ್ಲಿ ಪಕ್ಕದ ಮನೆಯ ಕಾಕಾ ನಮ್ಮ ಕಾಂಪೌಂಡಿಗೆ ಹತ್ತಿ ನೀರಿನ ಸಂಪಿಗಾಗಿ ಗುಂಡಿ ತೋಡಿಸಿದರು. ಮೇ ತಿಂಗಳಲ್ಲಿ ಅಣ್ಣ ಮನೆಯ ಗ್ರೂಪಿಗೆ ಎರಡು ಫೋಟೋ ಜೋಡಿಸಿ ಹಾಕಿದ. ಎಡಕ್ಕೆ ಹಿಂದಿನ ದೀಪಾವಳಿಯದು: ಅವನ ಮಗ ಪಡಸಾಲೆಯ ತೂಗುಮಣೆ ಮೇಲೆ ಕೂತಿದ್ದಾನೆ, ಹಿಂದಿನ ಗೋಡೆ ನುಣ್ಣಗಿದೆ. ಬಲಕ್ಕೆ ಅದೇ ಗೋಡೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಕಪ್ಪು ಬಿರುಕು, ಸುತ್ತ ಕೆಂಪು ವೃತ್ತ. ಕೆಳಗೆ ‘ಹಿಂದೆ’, ‘ಮುಂದೆ’ ಅಂತ ಎರಡೇ ಪದ.

“ಇನ್ನೇನ್ ಹೇಳೂದೈತಿ? ಗ್ವಾಡಿ ಸೀಳೇತಿ. ಸೋಮವಾರ ಪುರಸಭೆಗೆ ಅರ್ಜಿ ಕೊಡ್ತೀನಿ” ಅಂದ.

“ಬ್ಯಾಸಿಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಮುಚ್ಚತೈತಿ. ನಿಮ್ಮಪ್ಪ ಇದ್ದಾಗಿಂದ ಹಂಗ ಐತಿ” ಅಂತ ಅವ್ವ ಹೇಳಿದಳು. ಪಕ್ಕದ ಮನೆ ಕಾಕುನ ಜೊತೆ ಅವಳ ಗೆಳೆತನ ನಲವತ್ತು ವರ್ಷದ್ದು. ಅದಕ್ಕೇ ಹಾಗಂತಾಳೆ ಅಂತ ಅಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಣ್ಣ ಸುಳ್ಳು ಹೇಳ್ತಿರಲಿಲ್ಲ. ಆದರೆ ಆ ಎರಡು ಫೋಟೋಗಳ ನಡುವೆ ಬದಲಾಗಿದ್ದು ಗೋಡೆ ಒಂದೇ ಅಲ್ಲ. ದೀಪಾವಳಿಯದು ರಾತ್ರಿ, ಎಂಟು ಅಡಿ ದೂರದಿಂದ, ಫ್ಲಾಶ್ ಹಾಕಿ ತೆಗೆದದ್ದು. ಫ್ಲಾಶ್ ಕ್ಯಾಮೆರಾದ ಕಡೆಯಿಂದಲೇ ನೇರ ಬೀಳೋದರಿಂದ ಬಿರುಕಿನ ಅಂಚಿಗೆ ನೆರಳೇ ಇರೋದಿಲ್ಲ, ಗೋಡೆ ಸಪಾಟಾಗಿ ಕಾಣುತ್ತೆ. ಮೇ ತಿಂಗಳದು ಸಂಜೆ ಐದರ ಬಿಸಿಲಿನಲ್ಲಿ, ಎರಡೇ ಅಡಿಯಿಂದ ತೆಗೆದದ್ದು. ಪಡುವಣ ಬೆಳಕು ಗೋಡೆಯನ್ನು ಸವರಿಕೊಂಡು ಹೋಗುವಾಗ ಕೂದಲೆಳೆಯಷ್ಟು ಸಂದಿಗೂ ದಪ್ಪ ನೆರಳು ಬೀಳುತ್ತೆ. ಮೇಲಾಗಿ ಎರಡನ್ನೂ ಒಂದೇ ಎತ್ತರಕ್ಕೆ ಎಳೆದು ಕೂರಿಸಿದ್ದ. ಒಂದರಲ್ಲಿ ಇಡೀ ಗೋಡೆ, ಇನ್ನೊಂದರಲ್ಲಿ ಮೊಳದಷ್ಟು ಗೋಡೆ.

ಶನಿವಾರ, ಮೇ 18ಕ್ಕೆ ನಾನು ಊರಿಗೆ ಹೋದೆ. ಹಳೇ ಫೋಟೋವನ್ನು ಮತ್ತೆ ತೆಗೆಯೋಕೆ ಆಗಲ್ಲ. ಹೊಸದನ್ನೇ ಅದಕ್ಕೆ ಹೊಂದಿಸಬೇಕು. ಇದರಲ್ಲಿ ಎಲ್ಲಕ್ಕಿಂತ ಮುಖ್ಯ ನಿಲ್ಲುವ ಜಾಗ. ಝೂಮ್ ಮಾಡಿದರೆ ಚಿತ್ರ ದೊಡ್ಡದಾಗುತ್ತೆ, ಆದರೆ ಹತ್ತಿರದ ವಸ್ತು ದೂರದ ವಸ್ತುವಿನ ಯಾವ ಭಾಗವನ್ನು ಮರೆ ಮಾಡುತ್ತೆ ಅನ್ನೋದು ನಾವು ನಿಂತ ಜಾಗದಿಂದ ಮಾತ್ರ ತೀರ್ಮಾನವಾಗುತ್ತೆ. ನಮಗೆ ತೂಗುಮಣೆಯ ಸರಪಳಿಗಳು ಸಿಕ್ಕವು. ಹಳೇ ಫೋಟೋದಲ್ಲಿ ಎಡ ಸರಪಳಿ ಕಿಟಕಿಯ ಎರಡನೇ ಕಂಬಿಯನ್ನು ಮುಚ್ಚಿತ್ತು, ಬಲ ಸರಪಳಿ ಬಲಗಡೆಯ ಚೌಕಟ್ಟಿನ ಮೇಲಿತ್ತು. ಎಡ–ಬಲ ಸರಿಯುತ್ತಾ ಹೋದರೆ ಎರಡೂ ಸರಪಳಿ ಒಟ್ಟಿಗೆ ಜರುಗುತ್ತವೆ. ಮುಂದೆ ಬಂದರೆ ಅವುಗಳ ನಡುವಿನ ಅಂತರ ಕಿಟಕಿಗೆ ಹೋಲಿಸಿದರೆ ಹಿಗ್ಗುತ್ತೆ, ಹಿಂದೆ ಹೋದರೆ ಕುಗ್ಗುತ್ತೆ. ಎರಡೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತಾಗ ನಾನು ಅಣ್ಣ ನಿಂತಲ್ಲೇ ನಿಂತಿದ್ದೆ. ಎತ್ತರಕ್ಕೆ ಮಣೆಯ ಹಲಗೆಗೂ ಕಿಟಕಿಯ ಕೆಳ ಅಂಚಿಗೂ ಇರುವ ಅಂತರ ನೋಡಿದೆ. ಅಣ್ಣ ನನಗಿಂತ ಎತ್ತರ. ಊಟದ ಮಣೆಯೊಂದನ್ನು ಕಾಲಡಿ ಇಟ್ಟುಕೊಂಡ ಮೇಲೆ ಅದೂ ಸರಿಹೋಯಿತು. ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿದೆ. ಫೋನು 1xನಲ್ಲೇ ಇರಲಿ. 0.5x ಅಂಚುಗಳನ್ನು ಹಿಗ್ಗಿಸಿಬಿಡುತ್ತೆ. ರಾತ್ರಿಯಾಗುವವರೆಗೆ ಕಾದು ಫ್ಲಾಶ್ ಹಾಕಿ ತೆಗೆದೆ.

ಆಮೇಲೆ ಲ್ಯಾಪ್‌ಟಾಪಿನಲ್ಲಿ, ಸ್ಲೈಡ್ ಮಾಡುವ ಸಾಮಾನ್ಯ ಆ್ಯಪ್‌ನಲ್ಲೇ ಜೋಡಿಸಿದೆ. ಹಳೇ ಫೋಟೋ ಕೆಳಗೆ, ಹೊಸದು ಅದರ ಮೇಲೆ, ಹೊಸದರ ಪಾರದರ್ಶಕತೆ ಅರ್ಧ. ಮೊದಲು ಕಿಟಕಿಯ ಎಡ ಮೇಲ್ಮೂಲೆಗಳನ್ನು ಒಂದರ ಮೇಲೊಂದು ಇಟ್ಟು, ಚಿತ್ರದ ಮೂಲೆ ಹಿಡಿದು ಎಳೆಯುತ್ತಾ ಬಲ ಕೆಳಮೂಲೆಗಳನ್ನು ಕೂಡಿಸಬೇಕು. ಪಕ್ಕದ ಅಂಚನ್ನು ಹಿಡಿದು ಎಳೆಯಬಾರದು. ಚಿತ್ರ ಒಂದೇ ಕಡೆಗೆ ಹಿಗ್ಗಿ ಬಿರುಕೂ ಹಿಗ್ಗುತ್ತೆ. ಎರಡು ಮೂಲೆ ಕೂಡಿದ ಮೇಲೆ ಮೂರನೆಯದೊಂದನ್ನು ಪರೀಕ್ಷೆಗೆ ನೋಡಬೇಕು. ನಮ್ಮಲ್ಲಿ ಕಿಟಕಿಯ ಮೇಲೆ ಕ್ಯಾಲೆಂಡರಿನ ಮೊಳೆ ಇತ್ತು. ಅದು ಒಂದೇ ಮೊಳೆಯಾಗಿ ಕಂಡರೆ ಜೋಡಣೆ ಸರಿ. ಎರಡಾಗಿ ಕಂಡರೆ ಫೋನು ವಾಲಿದೆ ಅಂತ ಅರ್ಥ. ಫೋಟೋ ಎಡಿಟಿಂಗ್ ಆ್ಯಪ್‌ಗಳ ಪರ್ಸ್‌ಪೆಕ್ಟಿವ್ ಆಯ್ಕೆಯಲ್ಲಿ ಕಿಟಕಿಯ ನಾಲ್ಕು ಮೂಲೆ ಹೊಂದಿಸಿ ಇದನ್ನು ತಿದ್ದಬಹುದು. ಆದರೆ ನಿಂತ ಜಾಗವೂ ತಪ್ಪಿದ್ದರೆ ಅದು ಸಪಾಟು ಗೋಡೆಗೆ ಮಾತ್ರ. ಗೋಡೆಯಿಂದ ಮುಂದೆ ಇರುವ ತೂಗುಮಣೆಯಂಥವು ಆಗಲೂ ಕೂಡೋದಿಲ್ಲ.

ಜೋಡಿಸಿದ ಮೇಲೆ ಎರಡನ್ನೂ ಒಂದೇ ಚೌಕಟ್ಟಿನಿಂದ ಕತ್ತರಿಸಿದೆ. ಬಿರುಕು ಮೇಲಕ್ಕೆ ಹೋಗುವುದರಿಂದ ಅಗಲದ ಎರಡರಷ್ಟು ಎತ್ತರದ ಚೌಕಟ್ಟು. ಅಂಥ ಎರಡು ಪಕ್ಕಪಕ್ಕ ಕೂತರೆ ಒಂದು ಚೌಕ, ಫೋನಿನ ಪರದೆಗೆ ಅಳತೆ ಮಾಡಿದಂತೆ. ಅಡ್ಡವಾದ ಚಿತ್ರಗಳಾಗಿದ್ದರೆ ಒಂದರ ಕೆಳಗೊಂದು ಇಡುತ್ತಿದ್ದೆ. ಪಕ್ಕಪಕ್ಕ ಇಟ್ಟರೆ ಫೋನಿನಲ್ಲಿ ಎರಡೂ ಅಂಚೆಚೀಟಿ ಆಗಿಬಿಡ್ತವೆ.

ಈಗ ಕಂಡದ್ದು ಬೇರೆ. ಮೇ ತಿಂಗಳ ಫೋಟೋದಲ್ಲಿ ಬಿರುಕು ಇತ್ತು, ಆದರೆ ಬೆರಳು ತೂರುವ ಹಾಗಲ್ಲ, ಪೆನ್ಸಿಲ್ ಗೆರೆಯ ಹಾಗೆ. ಹಳೇ ಫೋಟೋದಲ್ಲೂ ಅದೇ ದಾರಿಯಲ್ಲಿ ಮೂಲೆಯಿಂದ ಮೊಳೆಯವರೆಗೆ ಮಸುಕು ಛಾಯೆ. ಮೊಳೆಯಿಂದ ಮೇಲೆ ಹೊಸದರಲ್ಲಿ ಗೆರೆ ಮುಂದುವರಿದಿತ್ತು, ಹಳೆಯದರಲ್ಲಿ ಏನೂ ಇಲ್ಲ.

“ನೋಡು, ಮ್ಯಾಲಿಂದು ಹೊಸಾದು” ಅಂದ ಅಣ್ಣ.

ಅಷ್ಟು ಬೇಗ ಹೇಳೋಕಾಗಲ್ಲ. ನಮ್ಮ ಕಿಟಕಿಯ ಎತ್ತರ ನಾಲ್ಕು ಅಡಿ, ಅಂದರೆ ಸುಮಾರು 1200 ಮಿಲಿಮೀಟರ್. ಹಳೇ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಬಂದ ಸಣ್ಣ ಪ್ರತಿ; ಅದರಲ್ಲಿ ಕಿಟಕಿ 600 ಪಿಕ್ಸೆಲ್ ಎತ್ತರ ಇತ್ತು. ಒಂದು ಪಿಕ್ಸೆಲ್‌ಗೆ ಎರಡು ಮಿಲಿಮೀಟರ್ ಗೋಡೆ. ಅರ್ಧ ಮಿಲಿಮೀಟರಿನ ಬಿರುಕು ಅಲ್ಲಿ ಇದ್ದಿದ್ದರೂ ಕಾಣದೇ ಹೋಗಬಹುದು. ಫೋಟೋದಲ್ಲಿ ಇಲ್ಲ ಅಂದರೆ ಗೋಡೆಯಲ್ಲಿ ಇರಲಿಲ್ಲ ಅಂತ ಅಲ್ಲ. ಕೊನೆಗೆ ಅಣ್ಣನ ಫೋನಿನಲ್ಲೇ ಮೂಲ ಫೋಟೋ ಹುಡುಕಿಸಿದೆ. ಅದು ನಾಲ್ಕು ಪಟ್ಟು ದೊಡ್ಡದು, ವಿವರದಲ್ಲಿ ತೆಗೆದ ದಿನವೂ ಇತ್ತು: 14 ನವೆಂಬರ್ 2023. ಅದನ್ನೇ ಇಟ್ಟು ಮತ್ತೆ ಜೋಡಿಸಿದಾಗ ಗೆರೆ ಮೊಳೆ ದಾಟಿ ಎರಡು ಬೆರಳಿನಷ್ಟು ಮೇಲಕ್ಕೆ ಹೋಗಿ ನಿಂತಿದ್ದು ಕಂಡಿತು. ಮೇ ತಿಂಗಳಲ್ಲಿ ಅದು ಆರು ಬೆರಳು. ಹಾಗಾದರೆ ಬಿರುಕು ಮೊದಲೇ ಇತ್ತು, ಬೆಳೆದದ್ದೂ ನಿಜ.

ಇನ್ನು ಶೀರ್ಷಿಕೆ. ‘ಹಿಂದೆ’, ‘ಮುಂದೆ’ ಅಂದರೆ ನಮ್ಮ ಭಾಷೆಯಲ್ಲಿ ಮನೆಯ ಹಿತ್ತಿಲು, ಅಂಗಳ ಅಂತಲೂ ಆಗುತ್ತೆ. ‘ಮೊದಲು’, ‘ಆಮೇಲೆ’ ಅಂದರೂ ಯಾವುದಕ್ಕಿಂತ ಮೊದಲು? ‘ಸಂಪಿಗೆ ಮೊದಲು, ಸಂಪಿನ ಆಮೇಲೆ’ ಅಂತ ಬರೆದರೆ ಕಾರಣವನ್ನು ನಾವೇ ಹೇಳಿಬಿಟ್ಟ ಹಾಗೆ. ಫೋಟೋಗೆ ಅದು ಗೊತ್ತಿಲ್ಲ. ಅದಕ್ಕೆ ಎರಡರ ಕೆಳಗೂ ಬಿಳಿ ಪಟ್ಟಿ, ಒಂದೇ ಅಳತೆಯ ಕಪ್ಪು ಅಕ್ಷರ: ‘14 ನವೆಂಬರ್ 2023, ರಾತ್ರಿ, ಫ್ಲಾಶ್’, ‘18 ಮೇ 2024, ರಾತ್ರಿ, ಫ್ಲಾಶ್’. ಮೇಲ್ಗಡೆ ಎರಡಕ್ಕೂ ಸೇರಿ ‘ಪಡಸಾಲೆ, ಕಿಟಕಿಯ ಬಲ ಮೇಲ್ಮೂಲೆ’. ಕೆಂಪು ವೃತ್ತ ಒಂದೇ ಚಿತ್ರಕ್ಕೆ ಹಾಕಿದರೆ ಕಣ್ಣು ಇನ್ನೊಂದರಲ್ಲಿ ಹುಡುಕೋದೇ ಇಲ್ಲ. ಎರಡರಲ್ಲೂ ಅದೇ ಜಾಗಕ್ಕೆ ಸಣ್ಣ ಬಾಣ ಹಾಕಿದೆ. ಪಟ್ಟಿಯನ್ನು ಚಿತ್ರದೊಳಗೇ ಸೇರಿಸಿದ್ದರಿಂದ ಯಾರು ಯಾರಿಗೆ ಕಳಿಸಿದರೂ ತಾರೀಕು ಜೊತೆಗೇ ಹೋಗುತ್ತೆ. ಕಳಿಸುವಾಗ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿದೆ, ಪಿಕ್ಸೆಲ್ ಕಳೆದುಹೋಗದಿರಲಿ ಅಂತ.

ಆ ತಾರೀಕುಗಳನ್ನು ಪಕ್ಕಪಕ್ಕ ಬರೆದಾಗಲೇ ಇನ್ನೊಂದು ಕೊರತೆ ಎದ್ದು ಕಂಡಿತು. ಒಂದು ನವೆಂಬರ್, ಒಂದು ಮೇ. ನಮ್ಮದು ಎರೆ ಮಣ್ಣು; ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತೆ, ಮಳೆ ನೀರು ಕುಡಿದು ಉಬ್ಬುತ್ತೆ. ಹೊಲದಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡೋದು ಮಳೆ ಬಂದ ಮೇಲೆ ಮುಚ್ಚಿಕೊಳ್ಳೋದು ಎಲ್ಲರೂ ನೋಡಿರ್ತಾರೆ. ಅದರ ಮೇಲೆ ನಿಂತ ಮನೆಯ ಗೋಡೆಯೂ ಹಾಗೇ ಉಸಿರಾಡುತ್ತೆ. ಅವ್ವ ಹೇಳಿದ್ದು ಅದನ್ನೇ. ಚೌಕಟ್ಟು, ಬೆಳಕು ಎಲ್ಲ ಹೊಂದಿಸಿದರೂ ಹಂಗಾಮು ಹೊಂದಿಸಿರಲಿಲ್ಲ. ಅದಕ್ಕೆ ದಾರಿ ಒಂದೇ, ನವೆಂಬರಿಗೆ ಕಾಯೋದು. ಅರ್ಜಿ ಅಲ್ಲಿಯವರೆಗೆ ಬೇಡ ಅಂತ ಅಣ್ಣನನ್ನು ಒಪ್ಪಿಸೋದು ಫೋಟೋ ಜೋಡಿಸಿದ್ದಕ್ಕಿಂತ ಕಷ್ಟವಾಯಿತು.

ಸೆಪ್ಟೆಂಬರ್ 14ಕ್ಕೆ, ಅದೇ ಸೀಮೆಸುಣ್ಣದ ಗುರುತಿನ ಮೇಲೆ ನಿಂತು ತೆಗೆದಾಗ ಮೊಳೆಯ ಮೇಲಿನ ಗೆರೆ ಬಹುಪಾಲು ಮುಚ್ಚಿಕೊಂಡಿತ್ತು. ನವೆಂಬರ್ 16ಕ್ಕೆ ತೆಗೆದದ್ದನ್ನು ಹಿಂದಿನ ನವೆಂಬರಿನ ಪಕ್ಕ ಇಟ್ಟೆ. ಹೋದ ಸಲ ಮೊಳೆಯಿಂದ ಎರಡು ಬೆರಳು, ಈ ಸಲ ಮೂರು. ವರ್ಷಕ್ಕೆ ಒಂದು ಬೆರಳು.

ಈ ಜೋಡಿಯನ್ನೇ ಹುಬ್ಬಳ್ಳಿಯ ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ ಮನೆಗೂ ಕರೆಸಿದೆವು. ಸಂಪಿನ ಗುಂಡಿ ಈ ಒಂದು ಬೆರಳಿಗೆ ಕಾರಣವೋ ಅಲ್ಲವೋ ಫೋಟೋದಿಂದ ಹೇಳೋಕಾಗಲ್ಲ ಅಂದರು ಅವರು. ಎರಡು ಮನೆಯ ಸೂರಿನ ನೀರೂ ನಮ್ಮ ಪಾಯದ ಬುಡಕ್ಕೇ ಬೀಳ್ತಿರೋದನ್ನು ತೋರಿಸಿ, ಆ ನೀರನ್ನು ದೂರ ಹರಿಸಿ, ಗೋಡೆಗೆ ಹತ್ತಿ ಕಾಂಕ್ರೀಟ್ ಪಟ್ಟಿ ಹಾಕಿಸಿ ಅಂದರು. ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಕು ಬರೆಯಲು ಹೇಳಿದರು. ಪಟ್ಟಿಯ ಖರ್ಚಿನಲ್ಲಿ ಅರ್ಧ ಕಾಕಾ ಕೊಟ್ಟರು. ಅಣ್ಣ ಮತ್ತು ಅವರು ಈಗಲೂ ಹೆಚ್ಚು ಮಾತಾಡಲ್ಲ, ಆದರೆ ಅವ್ವ–ಕಾಕುನ ಸಂಜೆಯ ಹರಟೆ ನಿಂತಿಲ್ಲ.

ಪೆನ್ಸಿಲ್ ಗೆರೆ ಎಳೆಯೋದು ಅವ್ವನ ಕೆಲಸ. ಪ್ರತಿ ಅಮಾವಾಸ್ಯೆಗೆ ತುದಿ ನೋಡಿ, ಸರಿದಿದ್ದರೆ ಹೊಸ ಗೆರೆ, ಪಕ್ಕದಲ್ಲಿ ತಾರೀಕು. ನಾನು ಫೋಟೋಗೆ ಅಂಟಿಸಿದ ಪಟ್ಟಿಯನ್ನು ಯಾರಾದರೂ ಕತ್ತರಿಸಿ ಹಾಕಬಹುದು. ಇದು ಗೋಡೆಯ ಮೇಲೇ ಇದೆ, ಯಾರು ಯಾವಾಗ ಫೋಟೋ ತೆಗೆದರೂ ಅದರೊಳಗೇ ಬರುತ್ತೆ.