ಮೂರು ತಿಂಗಳ ಸಂಬಳವಿಲ್ಲದ ರಜೆ

ಅಮ್ಮನಿಗೆ ಅನ್ನನಾಳದ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾದಾಗ ನಾನು ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಮ್ಯಾನೇಜರ್ ಹತ್ತಿರ ದೀರ್ಘ ರಜೆಯ ಮಾತೆತ್ತಿದೆ. "ಅಷ್ಟು ದಿನ ಅಂದ್ರೆ ರಿಸೈನ್ ಮಾಡಿಬಿಡಿ, ಆಮೇಲೆ ನೋಡೋಣ" ಎಂದರು. ತಂದೆತಾಯಿಯ ಆರೈಕೆಗೆಂದೇ ಖಾಸಗಿ ನೌಕರರಿಗೆ ಕಾನೂನಿನಲ್ಲಿ ಪ್ರತ್ಯೇಕ ರಜೆಯಿಲ್ಲ. ನನ್ನ ಗಳಿಕೆ ರಜೆ ಸ್ಕ್ಯಾನ್, ಎಂಡೋಸ್ಕೋಪಿ ಎಂದು ಓಡಾಡುವಷ್ಟರಲ್ಲೇ ಮುಗಿದಿತ್ತು.

ರಾಜೀನಾಮೆ ಕೊಡುವಂತಿರಲಿಲ್ಲ. ಅಮ್ಮನ ಹೆಸರಿದ್ದದ್ದು ಕಂಪನಿಯ ಗುಂಪು ವಿಮೆಯಲ್ಲಿ. ನಾನು ಕೆಲಸ ಬಿಟ್ಟರೆ ಆಕೆಯ ವಿಮೆಯೂ ಹೋಗುತ್ತಿತ್ತು, ಕಾಯಿಲೆ ಪತ್ತೆಯಾದ ಮೇಲೆ ಹೊಸ ಪಾಲಿಸಿ ಕೊಡುವವರು ಯಾರು? ಅದಕ್ಕೇ ಸಂಬಳವಿಲ್ಲದ ರಜೆಯನ್ನು ಬರವಣಿಗೆಯಲ್ಲಿ ಕೇಳಿದೆ. ಒಪ್ಪಿಗೆ ಕಾಗದದ ಮೇಲಿಲ್ಲದಿದ್ದರೆ ನಾಳೆ ಅದನ್ನೇ ಅನಧಿಕೃತ ಗೈರುಹಾಜರಿ ಎನ್ನಬಹುದು.

ಎಷ್ಟು ದಿನ ಎಂಬುದೇ ಕಷ್ಟದ ಪ್ರಶ್ನೆಯಾಯಿತು. ವಾರಕ್ಕೆ ಐದು ದಿನದಂತೆ ಐದೂವರೆ ವಾರ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕೀಮೊ. ನಾನು ಅಷ್ಟನ್ನೇ ಲೆಕ್ಕ ಹಾಕುತ್ತಿದ್ದಾಗ ಡಾಕ್ಟರು ತಡೆದರು: "ರೇಡಿಯೇಷನ್ ಮುಗಿದ ಮೇಲಿನ ಎರಡು ವಾರ ಇನ್ನೂ ಕಷ್ಟ. ನೀರೂ ಇಳಿಯದೆ ಹೋಗಬಹುದು." ಆಗ ಮೂಗಿನ ನಳಿಕೆಯಲ್ಲಿ ಎರಡೆರಡು ಗಂಟೆಗೆ ಗಂಜಿ, ಹಾಲು ಕೊಡಬೇಕು, ಕೊಟ್ಟ ಮೇಲೂ ಸ್ವಲ್ಪ ಹೊತ್ತು ಒರಗಿಸಿ ಕೂರಿಸಬೇಕು, ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋಗುವ ಅಪಾಯ. ರಾತ್ರಿಯೂ ಒಬ್ಬರು ಎದ್ದಿರಬೇಕು. ಮನೆಯಲ್ಲಿ ನಾನಲ್ಲದೆ ಬೇರೆ ಯಾರಿದ್ದರು?

ಪತ್ರ ಅರ್ಧ ಪುಟದ್ದು. ನನ್ನ ಸಂಕಟ ಅದರಲ್ಲಿ ಒಂದೇ ವಾಕ್ಯ.

"ನನ್ನ ತಾಯಿಯ ಚಿಕಿತ್ಸೆ ಹಾಗೂ ನಂತರದ ಆರೈಕೆಗಾಗಿ ಜೂನ್ 3ರಿಂದ ಆಗಸ್ಟ್ 31ರವರೆಗೆ ಸಂಬಳರಹಿತ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಅವರನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ವೈದ್ಯರ ಚಿಕಿತ್ಸಾ ಪಟ್ಟಿ ಲಗತ್ತಿಸಿದ್ದೇನೆ. ಈ ಅವಧಿಯಲ್ಲಿ ಗುಂಪು ವಿಮೆ ಮುಂದುವರಿಯಬೇಕು. ತಾಯಿಯ ಪ್ರೀಮಿಯಂ ನಾನೇ ಕಟ್ಟುತ್ತೇನೆ. ಸೇವೆಯನ್ನು ನಿರಂತರವೆಂದು ಪರಿಗಣಿಸಬೇಕು."

ಪ್ರೀಮಿಯಂ ಮಾತು ಬಹಳ ಮುಖ್ಯ. ತಿಂಗಳು ತಿಂಗಳು ಸಂಬಳದಲ್ಲೇ ಹಿಡಿಯುತ್ತಿದ್ದ ಹಣ ಅದು. ಸಂಬಳವೇ ಇಲ್ಲದಾಗ ಹಿಡಿಯುವುದು ಎಲ್ಲಿಂದ? ಸದ್ದಿಲ್ಲದೆ ಪಾಲಿಸಿಯಿಂದ ಹೆಸರು ಹೋಗಬಹುದಿತ್ತು. ಸೇವೆಯ ಸಾಲು ಗ್ರಾಚ್ಯುಟಿಗಾಗಿ: ಐದು ವರ್ಷ ತುಂಬಲು ಸ್ವಲ್ಪವೇ ಬಾಕಿಯಿತ್ತು. ಜಿಎಸ್‌ಟಿ ರಿಟರ್ನ್, ವೆಂಡರ್ ಪಾವತಿಗಳನ್ನು ಯಾರಿಗೆ ಒಪ್ಪಿಸುತ್ತೇನೆಂದು ಕೊನೆಯಲ್ಲಿ ಬರೆದೆ. ಮ್ಯಾನೇಜರ್‌ಗೆ ನಿಜವಾಗಿ ಇದ್ದ ಚಿಂತೆ ಅದೇ ಎಂದು ನನಗನ್ನಿಸಿತ್ತು.

ಉತ್ತರ ಬರುವವರೆಗಿನ ದಿನಗಳಲ್ಲಿ ನಿದ್ದೆ ಹತ್ತಲಿಲ್ಲ. ಕೊನೆಗೆ ಎರಡು ತಿಂಗಳು ಮಂಜೂರಾಯಿತು. ಮೂರನೆಯದಕ್ಕೆ ವೈದ್ಯರ ಹೊಸ ಪ್ರಮಾಣಪತ್ರ ಕೇಳಿದರು. ಜುಲೈ ಕೊನೆಯಲ್ಲಿ, ನಳಿಕೆ ಇನ್ನೂ ತೆಗೆದಿಲ್ಲವೆಂದು ಡಾಕ್ಟರು ಬರೆದುಕೊಟ್ಟ ಚೀಟಿಯ ಜೊತೆ ಎರಡನೆಯ ಪತ್ರ ಕಳಿಸಿದೆ. ಅದಕ್ಕೂ ಒಪ್ಪಿಗೆ ಬಂತು, ಲಿಖಿತವಾಗಿಯೇ.